ಹೊಸ ಟಿ.ವಿ: ಆ್ಯಪ್ ಎಷ್ಟು ವರ್ಷ ಓಡೀತು?

ಟಿ.ವಿ ಅಂಗಡಿಯಲ್ಲಿ ಮಾತು ಶುರುವಾಗುವುದು ಇಂಚಿನಿಂದ. 4ಕೆ, ಕ್ಯೂಎಲ್ಇಡಿ, ಎಕ್ಸ್‌ಚೇಂಜ್ ಆಫರ್ ಎಲ್ಲ ದಾಟಿ ಬಿಲ್ಲಿಗೆ ಬಂದು ನಿಲ್ಲುತ್ತದೆ. ಒಳಗಿರುವ ಓಎಸ್ ಯಾವುದು, ಅದು ಎಷ್ಟು ವರ್ಷ ಅಪ್‌ಡೇಟ್ ಆಗುತ್ತದೆ ಎಂದು ಕೇಳುವವರು ಕಡಿಮೆ. ಪರದೆ ಗಟ್ಟಿಮುಟ್ಟಾಗಿದ್ದೂ ಕೆಲವು ವರ್ಷಕ್ಕೇ ಆ್ಯಪ್‌ಗಳು ತೆರೆಯದೆ ಹೋದರೆ, ಕಾರಣ ಸಾಮಾನ್ಯವಾಗಿ ಈ ಓಎಸ್ಸೇ. 2010, 2011ರ ಕೆಲವು ಸ್ಯಾಮ್‌ಸಂಗ್ ಟಿ.ವಿಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್‌ನಲ್ಲಿ ನಿಂತೇಹೋಯಿತು. ಪರದೆಗೆ ಏನೂ ಆಗಿರಲಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ನಾಲ್ಕು ಬಗೆ. ಸೋನಿ, ಟಿಸಿಎಲ್‌ ಮತ್ತು ಅನೇಕ ಕಡಿಮೆ ಬೆಲೆಯ ಬ್ರಾಂಡ್‌ಗಳಲ್ಲಿ ಗೂಗಲ್ ಟಿ.ವಿ. ಸ್ಯಾಮ್‌ಸಂಗ್‌ನಲ್ಲಿ ಟೈಜೆನ್. ಎಲ್‌ಜಿಯಲ್ಲಿ ವೆಬ್‌ಓಎಸ್. ಶಓಮಿಯ ಕೆಲವು ಮಾದರಿಗಳಲ್ಲಿ ಅಮೆಜಾನ್‌ನ ಫೈರ್ ಟಿ.ವಿ. ಇವಲ್ಲದೆ ವಿಡಾದಂಥ ಸಣ್ಣಪುಟ್ಟ ಓಎಸ್‌ಗಳೂ ಉಂಟು.

ಅಂಗಡಿಗೆ ಹೊರಡುವ ಮುನ್ನ ಮನೆಯವರು ಏನೇನು ನೋಡುತ್ತಾರೆ ಎಂದು ಬರೆದುಕೊಳ್ಳಿ. ಉದಯ ಟಿ.ವಿಯ ಧಾರಾವಾಹಿಗೆ ಸನ್ ನೆಕ್ಸ್ಟ್ ಬೇಕು, ಜೀ ಕನ್ನಡಕ್ಕೆ ಜೀ5, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣಕ್ಕೆ ಜಿಯೋಹಾಟ್‌ಸ್ಟಾರ್. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ಎಲ್ಲ ದೊಡ್ಡ ಓಎಸ್‌ಗಳಲ್ಲೂ ಇರುವುದರಿಂದ ಅವುಗಳ ಚಿಂತೆ ಬೇಡ. ನಿಜವಾದ ಪರೀಕ್ಷೆ ಪಟ್ಟಿಯ ಕೊನೆಯಲ್ಲಿರುವ ಸಣ್ಣ ಆ್ಯಪ್‌ನದು: ಇಂಟರ್ನೆಟ್ ಕಂಪನಿಯ ಲೈವ್ ಚಾನೆಲ್ ಆ್ಯಪ್, ಮಕ್ಕಳ ಪಾಠದ ಆ್ಯಪ್, ಭಜನೆಯ ಆ್ಯಪ್. ಇಂಥವು ಗೂಗಲ್ ಟಿ.ವಿಗೆ ಮೊದಲು ಬರುತ್ತವೆ, ಉಳಿದವಕ್ಕೆ ತಡವಾಗಿ ಬರುತ್ತವೆ ಅಥವಾ ಬರುವುದೇ ಇಲ್ಲ. ಅಂಗಡಿಯಲ್ಲಿ ಫೋನಿನ ಹಾಟ್‌ಸ್ಪಾಟ್‌ಗೆ ಟಿ.ವಿಯನ್ನು ಜೋಡಿಸಿ, ಅದರ ಆ್ಯಪ್ ಸ್ಟೋರ್‌ನಲ್ಲೇ ಒಂದೊಂದನ್ನೂ ಹುಡುಕಿ ನೋಡಿ. ಇಲ್ಲದ ಆ್ಯಪ್ ಬಗ್ಗೆ ಕೇಳಿದರೆ ‘ಫೋನಿಂದ ಕಾಸ್ಟ್ ಮಾಡ್ಕೊಳ್ಳಿ ಸಾರ್’ ಎಂಬ ಉತ್ತರ ಬರುತ್ತದೆ. ಸಂಜೆ ಏಳಕ್ಕೆ ಧಾರಾವಾಹಿ ನೋಡುವ ಅಜ್ಜಿಗೆ ಆ ಮಾತು ಉಪಯೋಗಕ್ಕೆ ಬಾರದು.

ತೀರಾ ಅಗ್ಗದ ಸೆಟ್‌ಗಳಲ್ಲಿ ಇನ್ನೊಂದು ಮೋಸ ಇದೆ. ಪೆಟ್ಟಿಗೆಯ ಮೇಲೆ ‘ಆಂಡ್ರಾಯ್ಡ್’ ಎಂದಿರುತ್ತದೆ, ಗೂಗಲ್‌ನ ಮಾನ್ಯತೆ ಮಾತ್ರ ಇರುವುದಿಲ್ಲ. ನೆಟ್‌ಫ್ಲಿಕ್ಸ್ ತೆರೆದು ನೋಡಿ. ಫೋನಿನ ಆ್ಯಪ್‌ನಂತೆ ಕಂಡು, ರಿಮೋಟ್‌ನ ಬಾಣದ ಗುಂಡಿಗೆ ಸ್ಪಂದಿಸದೆ ಮೌಸ್ ಕೇಳಿತೆಂದರೆ ಅಂಥ ಸೆಟ್ ಅದು. ಅಲ್ಲಿಗೇ ಕೈಬಿಡಿ.

ವೇಗದ ವಿಚಾರ. ಶೋರೂಮಿನಲ್ಲಿ ಓಡುವ ಡೆಮೊ ವಿಡಿಯೊದಿಂದ ಏನೂ ತಿಳಿಯದು. ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿ, ಹೋಮ್ ಗುಂಡಿ ಒತ್ತಿ ಬೇರೊಂದು ಆ್ಯಪ್ ತೆರೆಯಿರಿ. ಆಮೇಲೆ ಮೂರನೆಯದು. ಈಗ ಯೂಟ್ಯೂಬ್‌ಗೆ ಮರಳಿ. ಬಿಟ್ಟ ಜಾಗದಿಂದಲೇ ಮುಂದುವರಿದರೆ ರ‍್ಯಾಮ್ ಸಾಕಷ್ಟಿದೆ. ಮತ್ತೆ ಲೋಗೊ ತೋರಿಸಿ ಮೊದಲಿನಿಂದ ತೆರೆದುಕೊಂಡರೆ ಇಕ್ಕಟ್ಟಾಗಿದೆ. ಗೂಗಲ್ ಟಿ.ವಿಯಾದರೆ 2 ಜಿಬಿ ರ‍್ಯಾಮ್, 16 ಜಿಬಿ ಸ್ಟೋರೇಜ್‌ಗಿಂತ ಕೆಳಗೆ ಇಳಿಯಬೇಡಿ ಎಂಬುದು ನನ್ನ ಸಲಹೆ. 8 ಜಿಬಿ ಎಂದು ಬರೆದ ಸೆಟ್‌ನಲ್ಲಿ ದೊಡ್ಡ ಪಾಲನ್ನು ಓಎಸ್ಸೇ ತಿಂದಿರುತ್ತದೆ. ಉಳಿದ ಜಾಗ ತುಂಬಿದ ದಿನದಿಂದ ಆ್ಯಪ್‌ಗಳು ಅಪ್‌ಡೇಟ್ ಆಗುವುದಿಲ್ಲ, ಆಗ ಜನ ದೂರುವುದು ಇಂಟರ್ನೆಟ್ಟನ್ನು. ಟೈಜೆನ್, ವೆಬ್‌ಓಎಸ್‌ಗಳು ಕಡಿಮೆ ರ‍್ಯಾಮ್‌ನಲ್ಲೂ ಸಂಭಾಳಿಸುತ್ತವೆ. ಆದರೆ ಅವುಗಳಲ್ಲೂ ಅಗ್ಗದ ಮಾದರಿಯ ಪ್ರೊಸೆಸರ್ ಮಂದವೇ, ಹಾಗಾಗಿ ಅದೇ ಪರೀಕ್ಷೆ ಮಾಡಿ.

ಇನ್ನು ಅಪ್‌ಡೇಟ್. ಇಲ್ಲಿ ಒಂದು ಸೂಕ್ಷ್ಮ ಇದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ. ಒಂದು ವರ್ಷದ ಅಪ್‌ಡೇಟ್‌ಗೆ ಎಲ್ಲ ಓಎಸ್‌ಗಳಲ್ಲೂ ಒಂದೇ ಬೆಲೆಯಿಲ್ಲ.

ಟೈಜೆನ್ ಮತ್ತು ವೆಬ್‌ಓಎಸ್‌ನ ಬಹುತೇಕ ಆ್ಯಪ್‌ಗಳು ನಿಜದಲ್ಲಿ ವೆಬ್ ಪುಟಗಳು. ಅವು ಓಡುವುದು ಓಎಸ್‌ನೊಳಗೆ ಕೂತಿರುವ ಕ್ರೋಮಿಯಂ ಬ್ರೌಸರ್ ಎಂಜಿನ್ ಮೇಲೆ. 2021ರ ವೆಬ್‌ಓಎಸ್ 6ರಲ್ಲಿ ಇರುವುದು ಕ್ರೋಮಿಯಂ 79, ಅದೇ ವರ್ಷದ ಟೈಜೆನ್ 6ರಲ್ಲಿ 76. ಓಎಸ್ ಬದಲಾಗದೆ ಎಂಜಿನ್ ಬದಲಾಗದು. ಆ್ಯಪ್ ಮಾಡುವವರು ಹಳೆಯ ಎಂಜಿನ್ನಿಗೆ ಬೆಂಬಲ ನಿಲ್ಲಿಸಿದ ದಿನ ಆ ಆ್ಯಪ್ ನಿಮ್ಮ ಟಿ.ವಿಯಿಂದ ಹೋಯಿತು. ಹಿಂದೆ ಈ ಎರಡೂ ಬ್ರಾಂಡ್‌ಗಳ ಟಿ.ವಿಗಳು ಹುಟ್ಟಿದ ವರ್ಷದ ಓಎಸ್‌ನಲ್ಲೇ ಮುಪ್ಪಾಗುತ್ತಿದ್ದವು. ಈಗ ಎಲ್‌ಜಿ ತನ್ನ ‘ರಿನ್ಯೂ’ ಯೋಜನೆಯಲ್ಲಿ ಆಯ್ದ ಮಾದರಿಗಳಿಗೆ 5 ವರ್ಷದಲ್ಲಿ 4 ಹೊಸ ಆವೃತ್ತಿ ಕೊಡುವುದಾಗಿ ಹೇಳಿದೆ. ಸ್ಯಾಮ್‌ಸಂಗ್ 2024ರ ಮಾದರಿಗಳಿಂದ 7 ವರ್ಷದ ಮಾತು ಕೊಟ್ಟಿದೆ. ‘ಆಯ್ದ’ ಎಂಬುದನ್ನು ಮರೆಯಬೇಡಿ; ನೀವು ನೋಡಿದ ಮಾದರಿ ಆ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ಸಹಾಯವಾಣಿಯಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಗೂಗಲ್ ಟಿ.ವಿಯಲ್ಲಿ ಲೆಕ್ಕ ಬೇರೆ. ಓಎಸ್ ಆವೃತ್ತಿಯ ವಿಷಯದಲ್ಲಿ ಬ್ರಾಂಡ್‌ಗಳು ಜಿಪುಣರೇ. ಸೋನಿಯಿಂದ ಸಾಮಾನ್ಯವಾಗಿ ಒಂದೆರಡು ಬಾರಿ ಬರಬಹುದು, ಅಗ್ಗದ ಬ್ರಾಂಡ್‌ಗಳಿಂದ ಬಂದರೆ ಒಂದು. ಆದರೆ ಆ್ಯಪ್‌ಗಳು, ಬ್ರೌಸರ್ ಎಂಜಿನ್ ಕೂಡ, ಪ್ಲೇ ಸ್ಟೋರ್‌ನಿಂದ ಬೇರೆಯಾಗಿಯೇ ಅಪ್‌ಡೇಟ್ ಆಗುತ್ತವೆ. ಹೀಗಾಗಿ ಹಳೆಯ ಆಂಡ್ರಾಯ್ಡ್ ಆವೃತ್ತಿಯ ಟಿ.ವಿಯೂ ಆ್ಯಪ್‌ಗಳ ಮಟ್ಟಿಗೆ ದೀರ್ಘಕಾಲ ಓಡುತ್ತದೆ. ಸೊರಗುವುದು ಭದ್ರತೆ. Settings > System > About ತೆರೆದು ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ ನೋಡಿ. ಶೋರೂಮಿನ ಹೊಸ ಸೆಟ್‌ನಲ್ಲೂ ಅದು ಎರಡು ವರ್ಷ ಹಿಂದಿನದಾಗಿದ್ದರೆ, ಕಂಪನಿ ಆ ಮಾದರಿಯನ್ನು ಹೆಚ್ಚುಕಡಿಮೆ ಮರೆತಿದೆ.

ಕಂಪನಿ ಹೇಳುವ ವರ್ಷಗಳನ್ನು ಎಣಿಸಬೇಕಾದ್ದು ಬಿಲ್ಲಿನ ತಾರೀಖಿನಿಂದಲ್ಲ, ಮಾದರಿ ಹೊರಬಂದ ವರ್ಷದಿಂದ. ದೀಪಾವಳಿ ಆಫರ್‌ನಲ್ಲಿ ಬರುವುದು ಹೆಚ್ಚಾಗಿ ಹಳೆಯ ದಾಸ್ತಾನು. ಎಲ್‌ಜಿಯ ಸಾಧಾರಣ 4ಕೆ ಸೆಟ್‌ಗಳ ಮಾದರಿ ಸಂಖ್ಯೆಯಲ್ಲಿ UR ಎಂದಿದ್ದರೆ 2023, UT ಎಂದಿದ್ದರೆ 2024, UA ಎಂದಿದ್ದರೆ 2025. ಸೋನಿಯ X74Lನ ಕೊನೆಯ L 2023ರದು, K ಅದರ ಹಿಂದಿನ ವರ್ಷದ್ದು.

ಒಂದು ಲೆಕ್ಕ ಹಾಕೋಣ. 43 ಇಂಚಿನ ಎರಡು ಎಲ್‌ಜಿ ಸೆಟ್ ಎದುರಿಗಿವೆ: 28,000 ರೂಪಾಯಿಯ UR, 32,000ದ UA. ಎರಡೂ ಐದು ವರ್ಷದ ಪಟ್ಟಿಯಲ್ಲಿವೆ ಎಂದುಕೊಳ್ಳಿ. 2026ರಲ್ಲಿ ಕೊಂಡರೆ URಗೆ 2028ರವರೆಗೆ ಉಳಿಯುವುದು ಎರಡು ವರ್ಷ, UAಗೆ 2030ರವರೆಗೆ ನಾಲ್ಕು. ನಾಲ್ಕು ಸಾವಿರಕ್ಕೆ ಎರಡು ವರ್ಷ ಹೆಚ್ಚು ಸಿಕ್ಕಿತು. ನಾನಾದರೆ UA ಕೊಳ್ಳುತ್ತೇನೆ. ಅಂತರ ಹತ್ತು ಸಾವಿರವಾಗಿದ್ದರೆ UR ತಂದು, ಅಪ್‌ಡೇಟ್ ನಿಂತ ಮೇಲೆ ಎಚ್‌ಡಿಎಂಐಗೆ ಒಂದು ಸ್ಟಿಕ್ ಸಿಕ್ಕಿಸುವುದೇ ಲಾಭ. ಅಮೆಜಾನ್ ತನ್ನ ಫೈರ್ ಟಿ.ವಿ ಸ್ಟಿಕ್‌ಗಳಿಗೆ, ಮಾರಾಟ ನಿಂತ ಮೇಲೂ ಕನಿಷ್ಠ ನಾಲ್ಕು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳುತ್ತದೆ. ಸ್ಟಿಕ್‌ಗೆ ಕರೆಂಟನ್ನು ಟಿ.ವಿಯ ಯುಎಸ್‌ಬಿಯಿಂದ ಕೊಡಬೇಡಿ. ಅನೇಕ ಟಿ.ವಿಗಳ ಯುಎಸ್‌ಬಿ ಅರ್ಧ ಆಂಪಿಯರ್ ಅಷ್ಟೇ ಕೊಡುವುದರಿಂದ ಸಿನಿಮಾದ ನಡುವೆ ಸ್ಟಿಕ್ ತಾನೇ ರೀಸ್ಟಾರ್ಟ್ ಆಗುತ್ತಿರುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ.