ಪಾಠ 14: ಪುಟ್ಟ ಹುಡುಗಿ, ಪುಟ್ಟ ಫಲಕ

ಈ ಪಾಠದ ಜೊತೆ ಒಂದು ಫೋಟೋ ಇದೆ. ನೋಡಿ. ಒಂದು ಪುಟ್ಟ ಬೊಂಬೆ. ಹುಡುಗಿಯ ಬೊಂಬೆ. ಕೆಳಗೆ ಒಂದು ಫಲಕ. ಫಲಕ ಅಂದರೆ ಹೆಸರು, ವಿವರ ಬರೆದ ಹಲಗೆ.

ಈ ಬೊಂಬೆ ದೆಹಲಿಯ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿದೆ. ಹಳೆಯ ಕಾಲದ ವಸ್ತುಗಳನ್ನು ಕೂಡಿಸಿ, ಕಾಪಾಡಿ, ಜನರಿಗೆ ತೋರಿಸುವ ಜಾಗವೇ ವಸ್ತು ಸಂಗ್ರಹಾಲಯ. ಫಲಕದ ಮಾತು ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಾಗುತ್ತದೆ:

ಡ್ಯಾನ್ಸಿಂಗ್ ಗರ್ಲ್
ಮೊಹೆಂಜೊದಾರೊ
ಮೆಚ್ಯೂರ್ ಹರಪ್ಪನ್
ಸರ್ಕಾ 2500 ಬಿ.ಸಿ.
ಬ್ರಾಂಜ್, 10.5 ಸೆಂ.ಮೀ.

ಇರುವುದು ಐದೇ ಸಾಲು. ಇದನ್ನು ನಾವೆಲ್ಲ ಸೇರಿ ಕನ್ನಡಕ್ಕೆ ತರೋಣ. ಸುಲಭದ ಸಾಲಿನಿಂದ ಶುರು ಮಾಡೋಣ. ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗೋಣ.

ಬ್ರಾಂಜ್ ಅಂದರೆ ಏನು?

ಬ್ರಾಂಜ್ ಅಂದರೆ ಕಂಚು. ಕಂಚಿನ ತಟ್ಟೆ, ಕಂಚಿನ ಗಂಟೆ ನಮಗೆ ಗೊತ್ತು. ಕಂಚು ನೆಲದಲ್ಲಿ ಹಾಗೇ ಸಿಗುವ ಲೋಹ ಅಲ್ಲ. ತಾಮ್ರಕ್ಕೆ ತವರ ಬೆರೆಸಿದರೆ ಕಂಚು ಆಗುತ್ತದೆ. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ ಆಗುತ್ತದೆ. ಎರಡನ್ನೂ ಒಂದೇ ಅಂತ ಬರೆಯಬಾರದು.

ಬರೀ ತಾಮ್ರ ಮೆದು. ತವರ ಸೇರಿದರೆ ಗಟ್ಟಿಯಾಗುತ್ತದೆ. ಕಡಿಮೆ ಬಿಸಿಗೇ ಕರಗುತ್ತದೆ. ಅಚ್ಚಿಗೆ ಸುರಿಯಲು ಅನುಕೂಲ.

ಈ ಬೊಂಬೆಯನ್ನು ಮೇಣದಿಂದ ಮಾಡಿದ್ದು. ಮೇಣದ ಬೊಂಬೆ ಎಲ್ಲಿ ಹೋಯಿತು ಅಂತ ಕೇಳುತ್ತೀರಾ? ಕೇಳಿ. ಮೊದಲು ಮೇಣದಲ್ಲಿ ಹುಡುಗಿಯ ರೂಪ ತಿದ್ದಿದರು. ಅದರ ಸುತ್ತ ಜೇಡಿಮಣ್ಣು ಮೆತ್ತಿದರು. ಒಂದು ತೂತು ಬಿಟ್ಟರು. ಮಣ್ಣು ಒಣಗಿದ ಮೇಲೆ ಬೆಂಕಿಯಲ್ಲಿ ಕಾಯಿಸಿದರು. ಒಳಗಿನ ಮೇಣ ಕರಗಿ ತೂತಿನಿಂದ ಹೊರಗೆ ಹರಿಯಿತು. ಮೇಣ ಇದ್ದ ಜಾಗ ಖಾಲಿ ಆಯಿತು. ಆ ಖಾಲಿ ಜಾಗಕ್ಕೆ ಕರಗಿದ ಕಂಚು ಸುರಿದರು. ತಣ್ಣಗಾದ ಮೇಲೆ ಮಣ್ಣು ಒಡೆದರು. ಒಳಗೆ ಕಂಚಿನ ಹುಡುಗಿ!

ಮೇಣವೂ ಹೋಯಿತು, ಮಣ್ಣಿನ ಅಚ್ಚೂ ಒಡೆಯಿತು. ಹಾಗಾಗಿ ಒಂದು ಅಚ್ಚಿನಿಂದ ಒಂದೇ ಬೊಂಬೆ.

10.5 ಸೆಂ.ಮೀ. ಎಷ್ಟು?

ಸೆಂ.ಮೀ. ಅಂದರೆ ಸೆಂಟಿಮೀಟರ್. ಇದು ಬೊಂಬೆಯ ಎತ್ತರ. ಎರಡು ಬೆಂಕಿಪೊಟ್ಟಣಗಳನ್ನು ಉದ್ದಕ್ಕೆ ಸಾಲಾಗಿ ಇಡಿ. ಹೆಚ್ಚುಕಡಿಮೆ ಅಷ್ಟೇ. ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಅಂಗೈಯಲ್ಲಿ ಹಿಡಿಯುವಷ್ಟು. ಫೋಟೋ ನೋಡಿ ಅಳತೆ ತಿಳಿಯುವುದಿಲ್ಲ. ಅದಕ್ಕೇ ಫಲಕದಲ್ಲಿ ಅಳತೆ ಬರೆಯುತ್ತಾರೆ.

2500 ಬಿ.ಸಿ. ಯಾವಾಗ?

ಬಿ.ಸಿ. ಅಂದರೆ ಕ್ರಿಸ್ತ ಪೂರ್ವ. ಏಸು ಕ್ರಿಸ್ತನಿಗಿಂತ ಹಿಂದಿನ ಕಾಲ. ಕನ್ನಡದಲ್ಲಿ ಕ್ರಿ.ಪೂ. ಅಂತ ಬರೆಯುತ್ತೇವೆ. ಆಮೇಲಿನ ಕಾಲ ಕ್ರಿಸ್ತ ಶಕ. ಅದನ್ನು ಕ್ರಿ.ಶ. ಅಂತ ಬರೆಯುತ್ತೇವೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. 2500 ಅಂತ ಇದೆ, ಹಾಗಾದರೆ 2,500 ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ.

ಮೆಟ್ಟಿಲಿರುವ ಬಾವಿಯನ್ನು ನೆನೆಸಿಕೊಳ್ಳಿ. ಬಾವಿಯ ದಡದಲ್ಲಿ ಕ್ರಿಸ್ತನ ಕಾಲ ಇದೆ ಅನ್ನಿ. ದಡದಿಂದ ಕೆಳಕ್ಕೆ ಇಳಿಯುತ್ತಾ ಮೆಟ್ಟಿಲು ಎಣಿಸುತ್ತೇವೆ. ಆಳಕ್ಕೆ ಇಳಿದಷ್ಟೂ ಎಣಿಕೆ ದೊಡ್ಡದಾಗುತ್ತದೆ. ಕ್ರಿ.ಪೂ. ಕೂಡಾ ಹಾಗೇ. ಅಂಕಿ ದೊಡ್ಡದಾದಷ್ಟೂ ಕಾಲ ಹಳೆಯದು. ಕ್ರಿ.ಪೂ. 1500ಕ್ಕಿಂತ ಕ್ರಿ.ಪೂ. 2500 ಹಳೆಯದು.

ನಾವು ಇರುವುದು ಬಾವಿಯ ದಡದಲ್ಲಿ ಅಲ್ಲ. ದಡದಿಂದ ಮೇಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ನಿಂತಿದ್ದೇವೆ. ಹಾಗಾಗಿ ಎರಡನ್ನೂ ಕೂಡಿಸಬೇಕು.

2500 + 2000 = 4500

ಬೊಂಬೆಗೆ ಸುಮಾರು 4,500 ವರ್ಷ. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ ಹಳೆಯ ಕನ್ನಡ ಶಾಸನ ಸುಮಾರು ಕ್ರಿ.ಶ. 450ರದು. ಆ ಕಲ್ಲಿಗಿಂತ ಈ ಬೊಂಬೆ ಎಷ್ಟು ಹಳೆಯದು? ಒಂದು ಕ್ರಿ.ಪೂ., ಇನ್ನೊಂದು ಕ್ರಿ.ಶ. ಕೂಡಿಸಿ ನೋಡಿ. 2500 + 450 = 2950. ಸುಮಾರು ಮೂರು ಸಾವಿರ ವರ್ಷ!

"ಸರ್ಕಾ" ಅಂದರೆ "ಸುಮಾರು". ಇದು ಚಿಕ್ಕ ಮಾತು. ಆದರೆ ಬಿಡಬಾರದು. ಬೊಂಬೆಯ ಮೇಲೆ ತಾರೀಖು ಬರೆದಿಲ್ಲ. ಕಂಚನ್ನು ನೋಡಿ ಇಂಥ ವರ್ಷದ್ದು ಅಂತ ಹೇಳಲು ಬರುವುದಿಲ್ಲ. ಬೊಂಬೆ ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತು, ಆ ಪದರದಲ್ಲಿ ಬೇರೆ ಏನೇನು ಸಿಕ್ಕಿತು ಎಂದು ನೋಡುತ್ತಾರೆ. ಅದರಿಂದ ಕಾಲ ಅಂದಾಜು ಮಾಡುತ್ತಾರೆ. "ಸುಮಾರು" ಬಿಟ್ಟರೆ ಅಂದಾಜು ಹೋಗಿ ಖಚಿತ ಆಗಿಬಿಡುತ್ತದೆ. ಅದು ಸುಳ್ಳಾಗುತ್ತದೆ.

ಮೆಚ್ಯೂರ್ ಹರಪ್ಪನ್

ಹರಪ್ಪ ಒಂದು ಊರಿನ ಹೆಸರು. ಅಲ್ಲಿ 1921ರಲ್ಲಿ ನೆಲ ಅಗೆದಾಗ ಹಳೆಯ ಪಟ್ಟಣ ಕಾಣಿಸಿತು. ಅಂಥದೇ ಪಟ್ಟಣಗಳು ಬೇರೆ ಕಡೆಯೂ ಸಿಕ್ಕವು. ಮೊದಲು ಅಗೆದ ಊರಿನ ಹೆಸರೇ ಆ ಜನರ ಕಾಲಕ್ಕೆಲ್ಲ ನಿಂತಿತು. ಮೊಹೆಂಜೊದಾರೊ ಅಂಥ ಇನ್ನೊಂದು ಪಟ್ಟಣ. ಅಲ್ಲಿ ಈ ಬೊಂಬೆ ಸಿಕ್ಕಿದ್ದು 1926ರಲ್ಲಿ. 1947ರಲ್ಲಿ ದೇಶ ಭಾಗವಾಯಿತು. ಎರಡೂ ಊರು ಪಾಕಿಸ್ತಾನಕ್ಕೆ ಸೇರಿದವು. ಬೊಂಬೆ ದೆಹಲಿಯಲ್ಲಿ ಉಳಿಯಿತು.

ಮೆಚ್ಯೂರ್ ಅಂದರೆ ಮಾಗಿದ, ಬಲಿತ. "ಮಾಗಿದ ಹರಪ್ಪ" ಅಂತ ಬರೆದರೆ ಯಾರಿಗೆ ಅರ್ಥ ಆದೀತು? ಅದು ಮಾವಿನಹಣ್ಣಿನ ಮಾತಾಗುತ್ತದೆ. ಆ ಪಟ್ಟಣಗಳು ಚೆನ್ನಾಗಿ ಬೆಳೆದು ನಿಂತಿದ್ದ ಕಾಲ ಎಂದು ಅರ್ಥ. ಇಟ್ಟಿಗೆ ಮನೆ, ನೇರ ಬೀದಿ, ಮುಚ್ಚಿದ ಚರಂಡಿ ಎಲ್ಲ ಇದ್ದ ಕಾಲ. ಹಾಗೇ ಬಿಡಿಸಿ ಬರೆಯೋಣ.

ಅವಳು ನರ್ತಕಿಯೇ?

ಈಗ ಮೇಲಿನ ಸಾಲು. ಡ್ಯಾನ್ಸಿಂಗ್ ಗರ್ಲ್ ಅಂದರೆ ಕುಣಿಯುವ ಹುಡುಗಿ. ಈಗ ಫೋಟೋ ನೋಡಿ. ಅವಳು ಕುಣಿಯುತ್ತಿದ್ದಾಳೆಯೇ?

ನಿಂತಿದ್ದಾಳೆ. ಬಲಗೈ ಸೊಂಟದ ಮೇಲಿದೆ. ತಲೆ ಸ್ವಲ್ಪ ಹಿಂದಕ್ಕೆ ವಾಲಿದೆ. ಕೂದಲನ್ನು ಹಿಂದೆ ತುರುಬು ಕಟ್ಟಿದ್ದಾಳೆ. ಎಡಗೈ ತುಂಬಾ ಬಳೆ. ಬಲಗೈಗೆ ನಾಲ್ಕೇ ಬಳೆ. ಮೈಮೇಲೆ ಬಟ್ಟೆ ಇಲ್ಲ. ನಾವು ಕಣ್ಣಿಂದ ಕಾಣುವುದು ಇಷ್ಟೇ.

ಬೊಂಬೆ ಸಿಕ್ಕಾಗ ಅಗೆಸಿದ ಅಧಿಕಾರಿಗಳು ಅವಳ ನಿಲುವು ನೋಡಿ ನರ್ತಕಿ ಅಂದರು. ಹೆಸರು ಅಂಟಿಕೊಂಡಿತು. ಆ ಜನರ ಬರಹವನ್ನು ಇಂದಿಗೂ ಯಾರೂ ಓದಿ ಅರ್ಥ ಮಾಡಿಲ್ಲ. ಅವಳ ನಿಜವಾದ ಹೆಸರು, ಕೆಲಸ ತಿಳಿಯಲು ದಾರಿ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನಾವೂ ನಿಲ್ಲುತ್ತೇವೆ. ನಲ್ಲಿ ಹತ್ತಿರ ನಿಲ್ಲುತ್ತೇವೆ. ಗದ್ದೆ ಬದುವಿನಲ್ಲಿ ನಿಲ್ಲುತ್ತೇವೆ. ಹಾಗಂತ ನಾವು ಕುಣಿಯುತ್ತಿದ್ದೇವೆಯೇ?

ಫಲಕದಲ್ಲಿ ಎರಡು ಬಗೆಯ ಮಾತು ಇವೆ. ಕಂಚು, 10.5 ಸೆಂ.ಮೀ. ಇವು ಪರೀಕ್ಷೆ ಮಾಡಿ, ಅಳೆದು ಹೇಳಿದ ಮಾತು. ನರ್ತಕಿ ಎಂಬುದು ನೋಡಿದವರು ಊಹಿಸಿದ ಮಾತು. ಕನ್ನಡಕ್ಕೆ ತರುವಾಗ ಈ ಭೇದ ಕಾಣಬೇಕು. ಹೆಸರನ್ನು ಅಳಿಸುವುದು ಬೇಡ. ಎಲ್ಲರೂ ಅವಳನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ. "ಎಂದು ಕರೆಯುತ್ತಾರೆ" ಅಂತ ಸೇರಿಸಿದರೆ ಸಾಕು.

ನಮ್ಮ ಕನ್ನಡ ಫಲಕ

ಹುಡುಗಿಯ ಬೊಂಬೆ. "ನರ್ತಕಿ" ಎಂದು ಕರೆಯುತ್ತಾರೆ.
ಸಿಕ್ಕಿದ ಊರು: ಮೊಹೆಂಜೊದಾರೊ.
ಹರಪ್ಪ ಕಾಲದ ಪಟ್ಟಣಗಳು ಚೆನ್ನಾಗಿ ಬೆಳೆದಿದ್ದ ಕಾಲ.
ಸುಮಾರು ಕ್ರಿ.ಪೂ. 2500. ಅಂದರೆ ಸುಮಾರು 4,500 ವರ್ಷ ಹಿಂದೆ.
ಕಂಚು. ಎತ್ತರ 10.5 ಸೆಂ.ಮೀ.

ಓದಿ, ಬರೆಯಿರಿ

1. ತಾಮ್ರ + ತವರ = ______
2. ಕ್ರಿ.ಪೂ. 1000, ಕ್ರಿ.ಪೂ. 300. ಇವುಗಳಲ್ಲಿ ಯಾವುದು ಹಳೆಯದು?
3. "ಸರ್ಕಾ" ಪದಕ್ಕೆ ಕನ್ನಡ ಪದ ಯಾವುದು?
4. ನಿಮ್ಮ ಮನೆಯ ಒಂದು ಹಳೆಯ ವಸ್ತುವಿಗೆ ಫಲಕ ಬರೆಯಿರಿ. ಹೆಸರು, ಯಾವುದರಿಂದ ಮಾಡಿದ್ದು, ಅಳತೆ, ಸುಮಾರು ಎಷ್ಟು ವರ್ಷ ಹಳೆಯದು ಎಂದು ಬರೆಯಿರಿ. ಗೊತ್ತಿದ್ದದ್ದು ಯಾವುದು, ಅಂದಾಜು ಯಾವುದು ಎಂದು ಗುರುತು ಹಾಕಿ.