900 ಅಡಿಯ ಮೋಡ

ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಬೆಳಗಾಗುವುದು ಮೋಡದ ಅಡಿಯಲ್ಲೇ. ಪೆಸಿಫಿಕ್ ಸಾಗರದ ತಣ್ಣೀರಿನ ಮೇಲೆ ಕಟ್ಟಿಕೊಂಡ ಮೋಡ ರಾತ್ರಿಯೆಲ್ಲ ಬೆಟ್ಟಗಳ ಸಂದಿನಿಂದ ಒಳಗೆ ಸರಿದು, ಬೆಳಗಿನ ಹೊತ್ತಿಗೆ ಊರ ಮೇಲೆ ಹಾಲಿನ ಕೆನೆಯ ಹಾಗೆ ಕೂತಿರುತ್ತದೆ. ಮಳೆ ಗುಡುಗು ಏನೂ ಇಲ್ಲ. ದಪ್ಪ ಸಾಮಾನ್ಯವಾಗಿ ಸಾವಿರ ಅಡಿಯ ಆಸುಪಾಸು. ಹನ್ನೊಂದು ಗಂಟೆಯ ಬಿಸಿಲಿಗೆ ಕರಗಿಹೋಗುತ್ತದೆ. ನಾನು ಬಾಡಿಗೆಗೆ ಪಡೆದು ಹಾರಿಸುವ ನಾಲ್ಕು ಸೀಟಿನ ಸೆಸ್ನಾ 172 ನಿಂತಿರುವುದು ಪಾಲೊ ಆಲ್ಟೊ ನಿಲ್ದಾಣದಲ್ಲಿ. ಅಲ್ಲಿಯ ಹವಾಮಾನ ವರದಿ ಬೇಸಿಗೆಯ ಬೆಳಿಗ್ಗೆ ಹೆಚ್ಚುಕಡಿಮೆ ಹೀಗಿರುತ್ತದೆ:

```
KPAO 151547Z 32005KT 10SM OVC009 14/11 A3002
```

ನನಗೆ ಬೇಕಾದ್ದು ಇದರಲ್ಲಿ ಎರಡೇ ಪದ. 10SM ಅಂದರೆ ನೆಲದ ಮಟ್ಟದಲ್ಲಿ 10 ಮೈಲಿ ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ. OVC009 ಅಂದರೆ 900 ಅಡಿ ಎತ್ತರದಲ್ಲಿ ಆಕಾಶ ಪೂರ್ತಿ ಮುಚ್ಚಿದೆ. ಈ ನಿಲ್ದಾಣದ ಸುತ್ತಲಿನ ನಿಯಂತ್ರಿತ ವಲಯದಲ್ಲಿ ಕಣ್ಣಿನಿಂದ ನೋಡಿ ಹಾರುವ ನಿಯಮಕ್ಕೆ, ಅಂದರೆ ವಿಎಫ್‌ಆರ್‌ಗೆ, ಮೋಡದ ತಳ ಕನಿಷ್ಠ 1,000 ಅಡಿಯಲ್ಲಿರಬೇಕು, 3 ಮೈಲಿ ಕಾಣಬೇಕು. ನೂರು ಅಡಿ ಕಡಿಮೆ ಬಿತ್ತು.

ಹಾಸನದಿಂದ ಬಂದಿದ್ದ ನಮ್ಮ ಮಾವನವರನ್ನು ಮಾಂಟೆರೇಗೆ ಕರೆದುಕೊಂಡು ಹೊರಟ ದಿನವೂ ವರದಿ ಹೀಗೇ ಇತ್ತು. ಅವರು ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರ್ ಆಗಿದ್ದವರು. ನಿಯಮ ಅಂದರೆ ಅದರ ಕಾರಣ ಕೇಳದೆ ಬಿಡುವವರಲ್ಲ. "ನೂರು ಅಡಿಗೆ ಇಷ್ಟು ಗಲಾಟೆಯಾ ಅಳಿಯಂದ್ರೇ? ಇನ್ನು ಅರ್ಧ ಗಂಟೆ ಕಾದರೆ ಸಾವಿರ ಆಗುತ್ತೆ, ಹೊರಡಬಹುದಲ್ಲ?" ಅಂದರು.

ಕಾನೂನಿನ ಪ್ರಕಾರ ಹೊರಡಬಹುದು. ಆದರೆ ವಿಎಫ್‌ಆರ್‌ನಲ್ಲಿ ಮೋಡದಿಂದ ದೂರವಿರಬೇಕು ಅನ್ನುವ ಇನ್ನೊಂದು ಷರತ್ತಿದೆ: ಕೆಳಗಿದ್ದರೆ 500 ಅಡಿ, ಮೇಲಿದ್ದರೆ 1,000 ಅಡಿ, ಪಕ್ಕದಲ್ಲಿದ್ದರೆ 2,000 ಅಡಿ. 1,000 ಅಡಿಯ ಮೋಡದ ಕೆಳಗೆ 500 ಅಡಿ ಬಿಟ್ಟರೆ ನಾನು ಹಾರಬೇಕಾದ್ದು 500 ಅಡಿಯಲ್ಲಿ. ಜನವಸತಿಯ ಮೇಲೆ ಹಾರುವಾಗಲೋ, ಹತ್ತಿರದ ಅತಿ ಎತ್ತರದ ಕಟ್ಟಡಕ್ಕಿಂತ 1,000 ಅಡಿ ಮೇಲಿರಬೇಕು ಅನ್ನುತ್ತದೆ ಮತ್ತೊಂದು ನಿಯಮ. ಎರಡನ್ನೂ ಒಟ್ಟಿಗೆ ಪಾಲಿಸಿ ಊರು ದಾಟಲು ಜಾಗವೇ ಉಳಿಯುವುದಿಲ್ಲ. ಕಾಗದದ ಮೇಲೆ 1,000 ಸಾಕು. ಎಲ್ಲಿಗಾದರೂ ಹೋಗಬೇಕೆಂದರೆ 2,000 ಅಡಿಯಾದರೂ ಬೇಕು ಅನ್ನುವುದು ನನ್ನ ಲೆಕ್ಕ.

ಈ ಅಂತರಗಳನ್ನು ನಾನು ಬಹಳ ಕಾಲ ಪರೀಕ್ಷೆಗೆ ಉರುಹೊಡೆದ ಸಂಖ್ಯೆಗಳಾಗಿಯೇ ಇಟ್ಟುಕೊಂಡಿದ್ದೆ. ಅವುಗಳ ಅರ್ಥ ಹೊಳೆದದ್ದು ಉಪಕರಣ ನೋಡಿ ಹಾರುವುದನ್ನು ಕಲಿತ ಮೇಲೆ, ಮೋಡದೊಳಗಿಂದ ಹೊರಗೆ ಬರುವ ವಿಮಾನ ನನ್ನದೇ ಆದಾಗ. ಮೋಡದೊಳಗೆ ಬೇರೆಯವರು ಇರುತ್ತಾರೆ, ಅವರಿಗೆ ಹೊರಗಿನದೇನೂ ಕಾಣುವುದಿಲ್ಲ. ಹೊರಗೆ ಬಂದ ತಕ್ಷಣ ಎದುರಿಗೆ ಮೋಡಕ್ಕೆ ಅಂಟಿಕೊಂಡು ಹಾರುವ ವಿಎಫ್‌ಆರ್ ವಿಮಾನವಿದ್ದರೆ ಇಬ್ಬರಿಗೂ ತಪ್ಪಿಸಿಕೊಳ್ಳಲು ಪುರುಸೊತ್ತಿಲ್ಲ. ಆ ಅಡಿಗಳೆಲ್ಲ ಒಬ್ಬರನ್ನೊಬ್ಬರು ನೋಡುವುದಕ್ಕೆ ಬಿಟ್ಟ ಸಮಯ.

ಹಾಗಾಗಿ ಆ ದಿನ ಉಪಕರಣ ನೋಡಿ ಹಾರುವ ನಿಯಮದ, ಅಂದರೆ ಐಎಫ್‌ಆರ್‌ನ, ಯೋಜನೆ ಸಲ್ಲಿಸಿದೆ. ಮೋಡಕ್ಕೆ ಐಎಫ್‌ಆರ್, ಬಿಸಿಲಿಗೆ ವಿಎಫ್‌ಆರ್ ಅಂತ ಬಹಳ ಮಂದಿ ತಿಳಿದಿರುತ್ತಾರೆ. ಹವಾಮಾನ ಬೇರೆ, ನಿಯಮ ಬೇರೆ. ಮೋಡದೊಳಗೆ ಹಾರಲು ಐಎಫ್‌ಆರ್ ಬೇಕೇ ಬೇಕು, ನಿಜ. ಆದರೆ ನಿಚ್ಚಳ ಆಕಾಶದಲ್ಲೂ ಐಎಫ್‌ಆರ್ ಹಾರಬಹುದು. ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನ ಎಂಥ ಬಿಸಿಲಿದ್ದರೂ ಹಾಗೇ ಹೋಗುತ್ತದೆ. ಅಮೆರಿಕದಲ್ಲಿ 18,000 ಅಡಿಯ ಮೇಲೆ ಎಲ್ಲರಿಗೂ ಐಎಫ್‌ಆರ್ ಕಡ್ಡಾಯ. ಇಲ್ಲಿ ರಾತ್ರಿಯೂ ವಿಎಫ್‌ಆರ್ ಹಾರಬಹುದು. ನಮ್ಮ ದೇಶದಲ್ಲಿ ಕತ್ತಲಾದ ಮೇಲೆ, ನಿಯಂತ್ರಕರು ಅನುಮತಿಸುವ ಸ್ಥಳೀಯ ಹಾರಾಟಗಳನ್ನು ಬಿಟ್ಟರೆ, ಐಎಫ್‌ಆರ್ ಒಂದೇ.

ಹೊರಡುವ ಮುನ್ನ ನಿಯಂತ್ರಕರು ಅನುಮತಿಯನ್ನು ರೇಡಿಯೊದಲ್ಲಿ ಗಡಗಡನೆ ಓದಿದರು: ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಎತ್ತರ, ಮೇಲೆ ಹೋದ ಮೇಲೆ ಯಾವ ಫ್ರೀಕ್ವೆನ್ಸಿ, ಟ್ರಾನ್ಸ್‌ಪಾಂಡರಿಗೆ ಯಾವ ನಾಲ್ಕು ಅಂಕಿ. ಬರೆದುಕೊಂಡು ಅಕ್ಷರಶಃ ತಿರುಗಿ ಒಪ್ಪಿಸಬೇಕು. ಆಮೇಲೂ ರನ್‌ವೇ ಅಂಚಿನಲ್ಲಿ ಎಂಜಿನ್ ಓಡಿಸಿಕೊಂಡು ಕಾದೆವು. ಪಕ್ಕದಲ್ಲೇ ಸ್ಯಾನ್ ಹೋಸೆಗೆ ಇಳಿಯುವ ದೊಡ್ಡ ವಿಮಾನಗಳಿರುತ್ತವೆ. ನಡುವೆ ಜಾಗ ಸಿಗುವವರೆಗೆ ನಮಗೆ ಬಿಡುಗಡೆಯಿಲ್ಲ. ವಿಎಫ್‌ಆರ್‌ನಲ್ಲಿ ನನ್ನ ದಾರಿ ನನ್ನದು. ಐಎಫ್‌ಆರ್‌ನಲ್ಲಿ ಬೇರೆ ಐಎಫ್‌ಆರ್ ವಿಮಾನಗಳಿಂದ ನನ್ನನ್ನು ದೂರವಿಡುವ ಹೊಣೆ ನಿಯಂತ್ರಕರದು, ಅದಕ್ಕೆ ಕೊಡುವ ಬೆಲೆ ಈ ಕಾಯುವಿಕೆ.

900 ಅಡಿಯಲ್ಲಿ ಕಿಟಕಿಗಳು ಬೆಳ್ಳಗಾದವು. ಮುಂದಿನ ಒಂದೆರಡು ನಿಮಿಷ ಕಣ್ಣು ಆರು ಡಯಲ್‌ಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನಡುವಿನ ಕೃತಕ ದಿಗಂತದ ಮೇಲೆ. ಇಲ್ಲಿ ನಂಬಬಾರದ್ದು ಕಿವಿಯನ್ನು. ಒಳಕಿವಿಯ ದ್ರವ ನಿಧಾನವಾದ ತಿರುವಿಗೆ ಹೊಂದಿಕೊಂಡುಬಿಡುತ್ತದೆ. ವಿಮಾನ ವಾಲಿ ತಿರುಗುತ್ತಿದ್ದರೂ ಮೈಗೆ ನೆಟ್ಟಗೆ ಹೋಗುತ್ತಿದ್ದ ಹಾಗೇ ಇರುತ್ತದೆ, ಸರಿಪಡಿಸಿದಾಗ ಇನ್ನೊಂದು ಕಡೆಗೆ ವಾಲಿದ ಹಾಗಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಹಾರಾಟದ ತರಬೇತಿಯಿಲ್ಲದ 20 ಮಂದಿಯನ್ನು ಹೊರಗಡೆ ಕಾಣದಂತೆ ಮಾಡಿ ಹಾರಿಸಿ ನೋಡಿದ್ದರು. ಇಪ್ಪತ್ತು ಮಂದಿಯೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ.

1,800 ಅಡಿಯ ಹೊತ್ತಿಗೆ ಬಿಸಿಲಿಗೆ ಬಂದೆವು. ಮಾವನವರು "ಅಯ್ಯೋ, ಇಷ್ಟೇನಾ!" ಅಂದರು. ಮೇಲೆ ಮೋಡದ ತುಣುಕೂ ಇಲ್ಲ, ಎದುರಿಗೆ ಸಾಂಟಾ ಕ್ರೂಜ್ ಬೆಟ್ಟಗಳು. ಇಲ್ಲಿ "ಐಎಫ್‌ಆರ್ ರದ್ದು" ಅಂದುಬಿಟ್ಟರೆ ಆ ಕ್ಷಣದಿಂದ ವಿಎಫ್‌ಆರ್. ಇಷ್ಟಬಂದ ಕಡೆ ತಿರುಗಬಹುದು. ಒಳನಾಡಿನ ಲಿವರ್‌ಮೋರ್ ಕಡೆಗೆ ಹೋಗುವುದಿದ್ದರೆ ನಾನು ಹಾಗೇ ಮಾಡುತ್ತೇನೆ, ಅಲ್ಲಿ ಬಿಸಿಲಿರುತ್ತದೆ. ಮಾಂಟೆರೇ ವರದಿ ಮಾತ್ರ ಬೇರೆ ಹೇಳುತ್ತಿತ್ತು:

```
KMRY 151554Z 00000KT 6SM BR OVC006 13/11 A3001
```

ಕೆಳಗಿಳಿಯಲು ಮತ್ತೆ ಮೋಡ ತೂರಬೇಕು. ಕೈಯಲ್ಲಿರುವ ಅನುಮತಿಯನ್ನು ಬಿಟ್ಟು ಅರ್ಧ ಗಂಟೆಯೊಳಗೆ ಮತ್ತೆ ಬೇಡುವುದರಲ್ಲಿ ಅರ್ಥವಿಲ್ಲ. ಇಟ್ಟುಕೊಂಡು 5,000 ಅಡಿಯಲ್ಲಿ ಮುಂದುವರಿದೆವು.

ವಾಟ್ಸನ್‌ವಿಲ್ ಹತ್ತಿರ ನಿಯಂತ್ರಕರು ಮುಂದೆ ಎಡಗಡೆ ಒಂದು ವಿಮಾನ ಏರುತ್ತಿದೆ ಎಂದು ಎಚ್ಚರಿಸಿದರು. ಅದರ ಟ್ರಾನ್ಸ್‌ಪಾಂಡರಿನಲ್ಲಿ 1200, ಅಂದರೆ ವಿಎಫ್‌ಆರ್. ಅದರ ಪೈಲಟ್ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಮಾತಾಡಬೇಕಾದ ಅಗತ್ಯವೂ ಇರಲಿಲ್ಲ. ಮೊದಲು ಅದನ್ನು ಕಂಡವರು ಮಾವನವರೇ. "ಅವನನ್ನು ನಮ್ಮಿಂದ ದೂರ ಇಡೋದು ಕಂಟ್ರೋಲಿನವರ ಕೆಲಸ ಅಲ್ಲವೇ?" ಅಂದರು. ಅಲ್ಲ. ಅವರ ಹೊಣೆ ಇಂಥ ಕಡೆ ಐಎಫ್‌ಆರ್ ವಿಮಾನಗಳ ನಡುವಿನದು ಮಾತ್ರ. ಹೊರಗೆ ಕಾಣುವಷ್ಟು ಹೊತ್ತು, ಐಎಫ್‌ಆರ್ ಇರಲಿ ಬಿಡಲಿ, ನೋಡಿ ತಪ್ಪಿಸಿಕೊಳ್ಳುವ ಹೊಣೆ ಪೈಲಟ್‌ನದೇ. ನಮ್ಮಿಬ್ಬರ ನಡುವೆ ಇದ್ದ ಏರ್ಪಾಡು ಇಷ್ಟೇ: ನಾವು ಹೋಗುತ್ತಿದ್ದ ದಿಕ್ಕಿಗೆ ಐಎಫ್‌ಆರ್‌ನವರು 5,000ದಂಥ ಪೂರ್ಣ ಸಾವಿರಗಳಲ್ಲಿ, ವಿಎಫ್‌ಆರ್‌ನವರು 5,500ರಂಥ ಐನೂರು ಸೇರಿಸಿದ ಎತ್ತರದಲ್ಲಿ. ಆದರೆ ಏರುತ್ತಿರುವವನು 5,500 ಮುಟ್ಟಬೇಕಾದರೆ 5,000 ದಾಟಲೇಬೇಕಲ್ಲ!

ಮಾಂಟೆರೇಯಲ್ಲಿ ಸಮುದ್ರದ ಕಡೆಯಿಂದ ಐಎಲ್‌ಎಸ್ ಕಿರಣ ಹಿಡಿದು ಇಳಿದೆವು. ವರದಿಯ 600 ಅಡಿ ನಿಲ್ದಾಣದ ನೆಲದಿಂದ ಅಳೆದದ್ದು. ನಿಲ್ದಾಣ ಸಮುದ್ರಮಟ್ಟದಿಂದ 257 ಅಡಿ ಮೇಲಿದೆ. ಆದ್ದರಿಂದ ಎತ್ತರಮಾಪಕದಲ್ಲಿ ಸುಮಾರು 850 ಬಂದಾಗ ರನ್‌ವೇಯ ದೀಪಗಳು ಕಾಣಬೇಕು ಅಂತ ಮೊದಲೇ ಕೂಡಿಟ್ಟುಕೊಂಡಿದ್ದೆ. ಕಂಡವು. ನಕ್ಷೆಯಲ್ಲಿ ಹೇಳಿದ ಕೊನೆಯ ಎತ್ತರದವರೆಗೂ ಕಾಣದಿದ್ದರೆ ಮತ್ತೆ ಏರಿ ಲಿವರ್‌ಮೋರ್‌ಗೆ ಹೋಗುವುದು, ಅದಾದ ಮೇಲೂ 45 ನಿಮಿಷದ ಇಂಧನ ಉಳಿದಿರುವುದು, ಇದು ಐಎಫ್‌ಆರ್‌ನವರು ಹೊರಡುವ ಮೊದಲೇ ಮಾಡಬೇಕಾದ ಲೆಕ್ಕ.

ಈ ಎರಡು ನಿಯಮಗಳಲ್ಲಿ ಯಾವುದೊಂದೂ ತಾನಾಗಿ ಅಪಾಯಕಾರಿಯಲ್ಲ. ಅಪಾಯವಿರುವುದು ಒಂದರಿಂದ ಇನ್ನೊಂದಕ್ಕೆ ತಯಾರಿಯಿಲ್ಲದೆ ಜಾರುವುದರಲ್ಲಿ. 2020ರ ಜನವರಿ 26ರಂದು ಲಾಸ್ ಏಂಜಲೀಸ್ ಬಳಿಯ ಕ್ಯಾಲಬ್ಯಾಸಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಮಂದಿ ಸತ್ತ ಹೆಲಿಕಾಪ್ಟರ್ ದುರಂತದ ವರದಿಯನ್ನು ನಾನು ಓದಿದ್ದು ಈ ಕಣ್ಣಿನಿಂದ. ಬರ್ಬ್ಯಾಂಕ್ ಸುತ್ತ ಅಂದು ವಿಎಫ್‌ಆರ್‌ಗೆ ಸಾಲುವ ಹವೆ ಇರಲಿಲ್ಲ. ಅಂಥಲ್ಲಿ ವಿಶೇಷ ವಿಎಫ್‌ಆರ್ ಎಂಬ ರಿಯಾಯಿತಿಯನ್ನು ಕೇಳಿ ಪಡೆಯಬಹುದು, ಆದರೂ ಮೋಡದೊಳಗೆ ಹೋಗುವಂತಿಲ್ಲ. ಪೈಲಟ್ ಅದನ್ನು ಪಡೆದೇ ದಾಟಿದರು. ಆದರೆ ಆ ರಿಯಾಯಿತಿ ನಿಲ್ದಾಣದ ಸುತ್ತಲಿನ ವಲಯಕ್ಕೆ ಮಾತ್ರ. ಮುಂದಿನ ಬೆಟ್ಟಗಳಿಗೆ ಅದು ಲೆಕ್ಕಕ್ಕಿಲ್ಲ. ಬೆಟ್ಟದ ಹತ್ತಿರ ಮೋಡ ನೆಲಕ್ಕಿಳಿದಿತ್ತು. ಮೋಡದ ಮೇಲಕ್ಕೆ ಹೋಗುತ್ತೇವೆ, 4,000 ಅಡಿಗೆ ಏರುತ್ತಿದ್ದೇವೆ ಎಂದು ಅವರು ಹೇಳುತ್ತಿದ್ದ ಹೊತ್ತಿಗೆ ಹೆಲಿಕಾಪ್ಟರ್ ಎಡಕ್ಕೆ ವಾಲಿ ಇಳಿಯುತ್ತಿತ್ತು. ಅವರಿಗೆ ಉಪಕರಣ ಹಾರಾಟದ ಅರ್ಹತೆಯೂ ಇತ್ತು, ಹೆಲಿಕಾಪ್ಟರಿನಲ್ಲಿ ಉಪಕರಣಗಳೂ ಇದ್ದವು. ಆದರೆ ಹೆಲಿಕಾಪ್ಟರ್ ನಡೆಸುತ್ತಿದ್ದ ಸಂಸ್ಥೆಗಿದ್ದ ಪರವಾನಗಿ ವಿಎಫ್‌ಆರ್‌ಗೆ ಮಾತ್ರ.

ಹಾರುತ್ತಲೇ ಐಎಫ್‌ಆರ್ ಕೇಳುವ ದಾರಿ ಇದೆ. ಆದರೆ ಬೆಟ್ಟದ ನಡುವೆ ತಗ್ಗಿನಲ್ಲಿದ್ದು ಕೇಳಿದರೆ ನಿಯಂತ್ರಕರು ಮೊದಲು ಕೇಳುವ ಪ್ರಶ್ನೆ, ಇಂಥ ಎತ್ತರ ಮುಟ್ಟುವವರೆಗೆ ನೆಲದಿಂದ, ಅಡೆತಡೆಗಳಿಂದ ನೀವೇ ನಿಮ್ಮನ್ನು ಕಾಪಾಡಿಕೊಳ್ಳಬಲ್ಲಿರಾ ಅಂತ. ಅವರು ರೇಡಾರಿನಲ್ಲಿ ದಾರಿ ತೋರಿಸಲು ಒಂದು ಕನಿಷ್ಠ ಎತ್ತರವಿದೆ, ಅದರ ಕೆಳಗೆ ಅವರಿಂದ ನೆರವಿಲ್ಲ. ನಮ್ಮ ಸಾಂಟಾ ಕ್ರೂಜ್ ಬೆಟ್ಟಗಳ ಲೋಮಾ ಪ್ರಿಯೆಟಾ ಶಿಖರವೇ ಸುಮಾರು 3,800 ಅಡಿ. ಮೋಡ ಆಗಲೇ ಸುತ್ತಿಕೊಂಡಿದ್ದರೆ ಆ ಪ್ರಶ್ನೆಗೆ ಹೌದು ಅನ್ನುವುದು ಹೇಗೆ? ಅದಕ್ಕೇ ನಾನು ಮೋಡ ಇನ್ನೂ ದೂರವಿದ್ದಾಗಲೇ, ಎತ್ತರ ಗಳಿಸಿಕೊಂಡು ಕೇಳುತ್ತೇನೆ. ಅನುಮತಿ ಸಿಗುವವರೆಗೆ ಬಿಸಿಲಿನಲ್ಲೇ ಸುತ್ತು ಹಾಕುತ್ತೇನೆ.

ಇನ್ನು ಐಎಫ್‌ಆರ್ ಅರ್ಹತೆ ಒಮ್ಮೆ ಸಿಕ್ಕರೆ ಕೈಯಲ್ಲೇ ಇರುವ ಸರಕಲ್ಲ. ಹಿಂದಿನ ಆರು ತಿಂಗಳಲ್ಲಿ ಆರು ಅಪ್ರೋಚ್ ಮಾಡಿರಬೇಕು, ಗೊತ್ತಾದ ಜಾಗದಲ್ಲಿ ಸುತ್ತುತ್ತ ಕಾಯುವ ಅಭ್ಯಾಸವನ್ನೂ. ಇಲ್ಲದಿದ್ದರೆ 900 ಅಡಿಯ ಮೋಡ ನನಗೂ ನಿನ್ನೆ ಪರವಾನಗಿ ಪಡೆದವನಿಗೂ ಒಂದೇ. ಇಲ್ಲಿ ನಿಜವಾದ ಮೋಡ ಬೇಕಾದಾಗ ಸಿಗುವುದಿಲ್ಲ. ಹಾಗಾಗಿ ನಿಚ್ಚಳ ಮಧ್ಯಾಹ್ನಗಳಲ್ಲಿ ಡಯಲ್ ಬಿಟ್ಟು ಬೇರೇನೂ ಕಾಣದಂಥ ಕನ್ನಡಕ ಹಾಕಿಕೊಂಡು ಅದೇ ಅಪ್ರೋಚ್‌ಗಳನ್ನು ಹಾರುತ್ತೇನೆ, ಪಕ್ಕದಲ್ಲಿ ಪೈಲಟ್ ಆದ ಗೆಳೆಯನೊಬ್ಬ ಕೂತು ಹೊರಗೆ ನೋಡುತ್ತಾನೆ. ನನ್ನ ಕೈ ಮಾಡುವುದು ಉಪಕರಣ ಹಾರಾಟ, ವಿಮಾನ ಪಾಲಿಸುವುದು ವಿಎಫ್‌ಆರ್. ನಿಯಮ ಕೇಳುವ ಕಣ್ಣು ಅವನದು. ಆದ್ದರಿಂದಲೇ ಆ ಹಾರಾಟ ಲೆಕ್ಕಕ್ಕೆ ಬರಬೇಕಾದರೆ ಲಾಗ್‌ಬುಕ್ಕಿನಲ್ಲಿ ಅವನ ಹೆಸರನ್ನೂ ಬರೆಯಬೇಕು.