ಚಾಚಿದ ಕಿವಿ: ಬಾಣಂತನದಲ್ಲಿ ಕಳೆದುಹೋಗುವ ಮೂರು ವಾರಗಳು

ಕೆಲವು ಮಕ್ಕಳ ಕಿವಿಗಳು ತಲೆಗೆ ಒರಗಿರದೆ ಹೊರಕ್ಕೆ ಚಾಚಿರುತ್ತವೆ. ಹೊರಕಿವಿಯ ಅಂಚಿಗೆ ಸಮಾನಾಂತರವಾಗಿರಬೇಕಾದ ಒಳಮಡಿಕೆ ಸರಿಯಾಗಿ ಮೂಡದಿರುವುದು ಅಥವಾ ಕಿವಿಯ ರಂಧ್ರದ ಸುತ್ತಲಿನ ಬಟ್ಟಲಿನಂತಹ ಭಾಗ ಹೆಚ್ಚು ಆಳವಾಗಿರುವುದು ಇದಕ್ಕೆ ಕಾರಣ. ಇಷ್ಟರಿಂದಲೇ ಶ್ರವಣಶಕ್ತಿಗೆ ಕುಂದು ಬರುವುದಿಲ್ಲ. ಆದುದರಿಂದ ಚಿಕಿತ್ಸೆ ಕಡ್ಡಾಯವೂ ಅಲ್ಲ. ಆದರೆ ಶಾಲೆಯಲ್ಲಿ ಸಹಪಾಠಿಗಳ ಅಣಕಕ್ಕೆ ಗುರಿಯಾಗಿ ಕುಗ್ಗುವ ಮಕ್ಕಳುಂಟು. ಚಿಕಿತ್ಸೆ ಬೇಕೆನಿಸಿದಲ್ಲಿ ಯಾವ ವಿಧಾನ ಸಾಧ್ಯವೆಂಬುದನ್ನು ಮಗುವಿನ ವಯಸ್ಸೇ ನಿರ್ಣಯಿಸುತ್ತದೆ.

ಗರ್ಭದಲ್ಲಿರುವಾಗ ತಾಯಿಯಿಂದ ಬಂದ ಈಸ್ಟ್ರೋಜನ್ ಹಾರ್ಮೋನು ಶಿಶುವಿನ ರಕ್ತದಲ್ಲಿ ಕೆಲವು ದಿನ ಉಳಿದಿರುತ್ತದೆ. ಅದರ ಪ್ರಭಾವದಿಂದ ಕಿವಿಯ ಮೃದ್ವಸ್ಥಿಯು ಹಸಿಮಣ್ಣಿನಂತೆ ಬಾಗಿದತ್ತ ನಿಲ್ಲುತ್ತದೆ. ಸುಮಾರು ಆರು ವಾರಗಳಲ್ಲಿ ಈ ಮೃದುತ್ವ ಬಹುಮಟ್ಟಿಗೆ ಕುಗ್ಗುತ್ತದೆ. ಆದುದರಿಂದ ಅಚ್ಚಿನ ಚಿಕಿತ್ಸೆಯನ್ನು ಮೊದಲ ಮೂರು ವಾರಗಳೊಳಗೆ ಆರಂಭಿಸುವುದು ಉತ್ತಮ.

ಹತ್ತು ದಿನದ ಶಿಶುವೊಂದನ್ನು ಉದಾಹರಣೆಯಾಗಿ ನೋಡೋಣ. ವೈದ್ಯರು ಕಿವಿಯ ಸುತ್ತಲಿನ ಚರ್ಮವನ್ನು ಶುಚಿಗೊಳಿಸಿ, ಮಡಿಕೆ ಮೂಡಬೇಕಾದ ಸ್ಥಳಕ್ಕೆ ಮೃದುವಾದ ಅಚ್ಚನ್ನು ಹೊಂದಿಸಿ, ಅಂಟುಪಟ್ಟಿಯಿಂದ ಕಿವಿಯನ್ನು ತಲೆಗೆ ಒರಗಿಸುತ್ತಾರೆ. ಅಚ್ಚು ಹಗಲಿರುಳೂ ಇರಬೇಕು. ಒಂದೆರಡು ವಾರಗಳಿಗೊಮ್ಮೆ ಅದನ್ನು ತೆಗೆದು ಚರ್ಮವನ್ನು ಪರೀಕ್ಷಿಸಿ ಮತ್ತೆ ಹಾಕುತ್ತಾರೆ. ಒಟ್ಟು ಎರಡರಿಂದ ಆರು ವಾರ ಸಾಕಾಗುತ್ತದೆ. ಅರಿವಳಿಕೆ ಬೇಡ, ಕೊಯ್ತವಿಲ್ಲ. ಚರ್ಮ ಕೆಂಪಾದರೆ, ಹುಣ್ಣಾದರೆ ಅಥವಾ ಕೀವು ಸೋರಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಅದೇ ಶಿಶುವನ್ನು ಬಾಣಂತನ ಮುಗಿದ ಮೇಲೆ, ಮೂರನೆಯ ತಿಂಗಳಲ್ಲಿ ಕರೆತಂದರೆ ಅಚ್ಚನ್ನು ಬಹುಕಾಲ ಇಡಬೇಕಾಗುತ್ತದೆ, ಫಲವೂ ಅನಿಶ್ಚಿತ. ಕುಲಾವಿಯನ್ನು ಬಿಗಿಯಾಗಿ ಕಟ್ಟಿದರೆ ಕಿವಿ ಸರಿಹೋಗುತ್ತದೆಂಬ ನಂಬಿಕೆಯಲ್ಲಿ ದಿನಗಳು ಕಳೆದುಹೋಗುತ್ತವೆ. ಕುಲಾವಿಯು ಹೊಸ ಮಡಿಕೆಯನ್ನು ಮೂಡಿಸದು. ಅದರೊಳಗೆ ಕಿವಿ ಮುಂದಕ್ಕೆ ಮಡಚಿಕೊಂಡಿದ್ದರೆ ಕೇಡೂ ಆಗಬಹುದು.

ಅಚ್ಚಿನ ಕಾಲ ಮೀರಿದ ಮೇಲೆ ಉಳಿಯುವುದು ಶಸ್ತ್ರಚಿಕಿತ್ಸೆ. ಅದಕ್ಕೆ ಸಾಮಾನ್ಯವಾಗಿ ಐದು ಅಥವಾ ಆರು ವರ್ಷದವರೆಗೆ ಕಾಯುತ್ತಾರೆ. ಆ ವೇಳೆಗೆ ಕಿವಿ ಬಹುಪಾಲು ಪೂರ್ಣ ಗಾತ್ರಕ್ಕೆ ಬೆಳೆದಿರುತ್ತದೆ, ಮೃದ್ವಸ್ಥಿ ಹೊಲಿಗೆಯನ್ನು ತಡೆದುಕೊಳ್ಳುತ್ತದೆ, ಮಗುವೂ ಹೇಳಿದ ಮಾತನ್ನು ತಿಳಿದು ಪಾಲಿಸಬಲ್ಲದು. ಕಿವಿಯ ಹಿಂಬದಿಯಲ್ಲಿ ಕೊಯ್ದು, ಮೃದ್ವಸ್ಥಿಯನ್ನು ಮಡಿಸಿ ಹೊಲಿಯುವುದರಿಂದ ಗಾಯದ ಗುರುತು ಮರೆಯಾಗಿರುತ್ತದೆ. ಬಳಿಕ ಕೆಲವು ವಾರ ರಾತ್ರಿ ಮಲಗುವಾಗ ತಲೆಪಟ್ಟಿ ಧರಿಸಬೇಕು. ಮೊದಲ ದಿನಗಳಲ್ಲಿ ಒಂದೇ ಕಿವಿಯಲ್ಲಿ ನೋವು ಏರುತ್ತ ಹೋದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಕೆಲವರಲ್ಲಿ ಕಿವಿ ಮತ್ತೆ ತುಸು ಹೊರಚಾಚುವುದೂ ಉಂಟು.

ಐದು ವರ್ಷವಾಯಿತೆಂದು ಅವಸರಿಸಬೇಕಿಲ್ಲ. ಮಗುವಿಗೆ ತನ್ನ ಕಿವಿಯ ಬಗ್ಗೆ ಚಿಂತೆಯೇ ಇಲ್ಲದಿದ್ದರೆ ಕಾಯಬಹುದು. ಈ ಶಸ್ತ್ರಚಿಕಿತ್ಸೆಯನ್ನು ದೊಡ್ಡವರಾದ ಮೇಲೂ ಮಾಡಿಸಿಕೊಳ್ಳಬಹುದು. ಕಾಯಲಾಗದಿರುವುದು ಅಚ್ಚಿನ ಚಿಕಿತ್ಸೆ ಮಾತ್ರ. ಆದುದರಿಂದ ಕೂಸಿಗೆ ಎರಡು ವಾರ ತುಂಬುವುದರೊಳಗೆ ಕುಲಾವಿಯನ್ನು ಬಿಚ್ಚಿ, ಎರಡೂ ಕಿವಿಗಳನ್ನು ಬೆಳಕಿನಲ್ಲಿ ಹಿಂದಿನಿಂದಲೂ ಮುಂದಿನಿಂದಲೂ ಒಮ್ಮೆ ನೋಡಿರಿ. ಅನುಮಾನವಿದ್ದರೆ ಮಕ್ಕಳ ವೈದ್ಯರಿಗೆ ಅಂದೇ ತೋರಿಸಿರಿ.